ಹೊರದೇಶದ ಕನ್ನಡ ಕೂಟದಲ್ಲಿ ವಂದನಾರ್ಪಣೆ: ಕನ್ನಡದಲ್ಲಿ ಹೇಳಿ ಇಂಗ್ಲಿಷಿಗೆ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯಿಂದ ಕಲಾತಂಡದ ಜೊತೆ ಹೋದವರು, ಮಕ್ಕಳ ಮನೆಗೆಂದು ಹೋಗಿ ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಮೈಕಿನ ಮುಂದೆ ನಿಲ್ಲಬೇಕಾಗಿ ಬಂದವರು, ಅವರ ಮಾತನ್ನು ಇಂಗ್ಲಿಷಿಗೆ ಮಾಡುವ ಅಲ್ಲಿನ ಯುವಕ ಯುವತಿಯರು, ಇವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಒಬ್ಬರು ಒಂದೆರಡು ವಾಕ್ಯ ಕನ್ನಡದಲ್ಲಿ ಹೇಳಿ ನಿಲ್ಲಿಸುವುದು, ಪಕ್ಕದಲ್ಲಿ ನಿಂತವರು ಅದನ್ನು ಇಂಗ್ಲಿಷಿನಲ್ಲಿ ಹೇಳುವುದು, ಹೀಗೆ ಸರದಿಯಲ್ಲಿ ಸಾಗುವ ವಂದನಾರ್ಪಣೆಯ ಬಗ್ಗೆಯೇ ಹೆಚ್ಚಿನ ಉತ್ತರಗಳಿವೆ.

## ಶುರುವಿಗೆ

ಮಗಳ ಮನೆಗೆ ಅಂತ ಬಂದಿದ್ದೀನಿ. ಕನ್ನಡ ಕೂಟದವರು ವಂದನಾರ್ಪಣೆ ನೀವೇ ಮಾಡಿ ಅಂತಾರೆ. ಇಂಗ್ಲಿಷಲ್ಲೇ ಮಾಡಬೇಕಾ?

ಬೇಕಿಲ್ಲ. ಕೂಟದವರು ಊರಿನಿಂದ ಬಂದ ಹಿರಿಯರನ್ನು ಕೇಳುವುದೇ ಕನ್ನಡದಲ್ಲಿ ಮಾತಾಡಲಿ ಎಂದು. ಆದರೆ ಆ ಸಭೆಯಲ್ಲಿ ಕನ್ನಡ ತಿಳಿಯದ ಕೆಲವರು ಖಂಡಿತ ಇರುತ್ತಾರೆ: ನಗರಸಭೆಯಿಂದ ಬಂದ ಅತಿಥಿ, ಸಭಾಂಗಣ ಕೊಟ್ಟ ಶಾಲೆಯವರು, ಬೇರೆ ಭಾಷೆಯ ಸೊಸೆ ಅಳಿಯಂದಿರು, ಅಲ್ಲೇ ಹುಟ್ಟಿ ಬೆಳೆದ ಮಕ್ಕಳು. ನೀವು ವಂದನೆ ಹೇಳಬೇಕಾದವರ ಪಟ್ಟಿಯಲ್ಲಿ ಇವರ ಪೈಕಿಯೇ ಮೂರ್ನಾಲ್ಕು ಜನ ಇರುತ್ತಾರೆ. ತನಗೇ ಹೇಳಿದ ವಂದನೆ ತನಗೇ ತಿಳಿಯದೆ ಕೂತಿರುವ ಅತಿಥಿಯನ್ನು ಎದುರಿಗೆ ಇಟ್ಟುಕೊಂಡು ಮಾತಾಡುವುದು ಸರಿಯಲ್ಲ. ಅನುವಾದ ಬೇಕಾಗುವುದು ಅದಕ್ಕೇ.

ಒಂದು ವಿಚಾರವನ್ನು ಕೂಟದವರ ಹತ್ತಿರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನೀವು ಯಾರ ಪರವಾಗಿ ವಂದಿಸುತ್ತೀರಿ? ಊರಿಂದ ಬಂದ ತಂಡದ ಪರವಾಗಿಯೋ, ಕಾರ್ಯಕ್ರಮ ನಡೆಸಿದ ಕೂಟದ ಪರವಾಗಿಯೋ, ಎರಡರ ಪರವಾಗಿಯೂ ಅಂತಲೋ? ಇದು ಇತ್ಯರ್ಥವಾಗದಿದ್ದರೆ ಕೂಟದ ಪದಾಧಿಕಾರಿಗಳಿಗೆ ಕೂಟದವರೇ ವಂದನೆ ಹೇಳಿಕೊಂಡ ಹಾಗೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ.

ಆರು ನಿಮಿಷ ಕೊಟ್ಟಿದ್ದಾರೆ. ಅದು ನನ್ನ ಮಾತಿಗೆ ಮಾತ್ರವಾ, ಅನುವಾದಕ್ಕೂ ಸೇರಿಯಾ?

ಸೇರಿಯೇ. ಆರು ನಿಮಿಷದಲ್ಲಿ ಚಪ್ಪಾಳೆಗೆ, ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ಸಂದಿಗೆ ಒಂದೂವರೆ ನಿಮಿಷ ಹೋಗುತ್ತದೆ. ಉಳಿದ ನಾಲ್ಕೂವರೆಯಲ್ಲಿ ಕನ್ನಡಕ್ಕೆ ಎರಡು, ಇಂಗ್ಲಿಷಿಗೆ ಎರಡೂವರೆ ಎಂದು ಹಂಚಿಕೊಳ್ಳಿ. ಇಂಗ್ಲಿಷಿಗೆ ಹೆಚ್ಚು ಕೊಡಲು ಕಾರಣವಿದೆ. ನಾವು ಹೆಸರಿಲ್ಲದೆ, ವಿವರವಿಲ್ಲದೆ ಹೇಳಿ ಮುಗಿಸುವ ಎಷ್ಟೋ ವಿಷಯಕ್ಕೆ ಅಲ್ಲಿ ಒಂದು ಮಾತು ಹೆಚ್ಚಿಗೆ ಸೇರಿಸಿ ಹೇಳಬೇಕಾಗುತ್ತದೆ.

ವೇದಿಕೆಯ ಮೇಲೆ ನಿಧಾನವಾಗಿ ಮಾತಾಡಿದರೆ ಎರಡು ನಿಮಿಷಕ್ಕೆ ಸುಮಾರು 150ರಿಂದ 170 ಕನ್ನಡ ಪದ ಹಿಡಿಯುತ್ತವೆ. ಕೈಬರಹದಲ್ಲಿ ಅದು ಒಂದು ಪುಟದೊಳಗೇ ಮುಗಿಯುತ್ತದೆ. ಊರಿನ ಸಭೆಗಳಿಗೆ ಬರೆದು ಅಭ್ಯಾಸವಿದ್ದವರಿಗೆ ಇದು ತೀರಾ ಕಡಿಮೆ ಅನ್ನಿಸುತ್ತದೆ, ಆದರೂ ಅಷ್ಟೇ. ಗಡಿಯಾರ ಎದುರಿಗಿಟ್ಟುಕೊಂಡು ಇಬ್ಬರೂ ನಿಂತು, ಚಪ್ಪಾಳೆಗೂ ಹೊತ್ತು ಬಿಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಕೂತು ಮನಸ್ಸಿನಲ್ಲೇ ಓದಿದ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಅಲ್ಲಿ ಸಭಾಂಗಣದ ಬಾಡಿಗೆ ಹೆಚ್ಚಾಗಿ ಗಂಟೆಯ ಲೆಕ್ಕದ್ದು. ಕುರ್ಚಿ ಎತ್ತಿಟ್ಟು, ಗುಡಿಸಿ, ಬೀಗ ಹಾಕುವ ಹೊತ್ತೂ ಅದರಲ್ಲೇ ಸೇರಿರುತ್ತದೆ. ವಂದನಾರ್ಪಣೆ ಕೊನೆಯ ಬಾಬತ್ತಾದ್ದರಿಂದ ಹಿಂದಿನವರೆಲ್ಲ ಎಳೆದ ಹೊತ್ತನ್ನು ಇಲ್ಲಿಯೇ ಕತ್ತರಿಸುತ್ತಾರೆ. ಆರು ನಿಮಿಷ ಇದ್ದಕ್ಕಿದ್ದಂತೆ ಮೂರಾದರೆ ಯಾವ ಭಾಗ ಬಿಡುವುದು ಎಂದು ಮೊದಲೇ ಗುರುತು ಹಾಕಿಟ್ಟುಕೊಂಡಿರಬೇಕು.

ಅನುವಾದ ಯಾರ ಕೈಲಿ ಮಾಡಿಸೋದು? ಇಂಗ್ಲಿಷ್ ಚೆನ್ನಾಗಿ ಬರೋರೇ ಆಗಬೇಕಾ?

ಇಂಗ್ಲಿಷ್ ಚೆನ್ನಾಗಿ ಬರುವವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಿಮಗೆ ಬೇಕಾದವರು ನಿಮ್ಮ ಕನ್ನಡ ತಿಳಿಯುವವರು. ಹಾಸನ ಸೀಮೆಯ ಮಾತು, ವೇಗ, ನುಂಗುವ ಅಕ್ಷರ ಎಲ್ಲ ಪರಿಚಯವಿರುವ ಒಬ್ಬರು. ಅಲ್ಲೇ ಬೆಳೆದ ಹುಡುಗ ಹುಡುಗಿಯರು ಮನೆಗನ್ನಡ ಚೆನ್ನಾಗಿ ಆಡುತ್ತಾರೆ, ಆದರೆ ‘ಹೃತ್ಪೂರ್ವಕ’, ‘ಪದಾಧಿಕಾರಿ’, ‘ಪ್ರಾಯೋಜಕರು’ ಥರದ ಸಭೆಯ ಪದಗಳನ್ನು ಅವರು ಮನೆಯಲ್ಲಿ ಕೇಳಿರುವುದಿಲ್ಲ. ಹಾಗೆಂದು ಅವರನ್ನು ಬಿಡಬೇಕಿಲ್ಲ. ಬರಹವನ್ನು ಎರಡು ದಿನ ಮುಂಚೆ ಅವರ ಕೈಗೆ ಕೊಟ್ಟು, ತಿಳಿಯದ ಪದಕ್ಕೆ ಗೆರೆ ಹಾಕಿಸಿ, ಆ ಪದವನ್ನು ನೀವೇ ಬದಲಿಸಿಕೊಳ್ಳಿ.

ಅಂದಿನ ಕಾರ್ಯಕ್ರಮದ ಕಾರ್ಯದರ್ಶಿಯನ್ನು ಅನುವಾದಕ್ಕೆ ಹಿಡಿಯಬೇಡಿ. ವಂದನಾರ್ಪಣೆ ಶುರುವಾಗುವ ಹೊತ್ತಿಗೆ ಅವರು ಊಟದ ಸಾಲು ನೋಡಲು ಓಡಿರುತ್ತಾರೆ.

ಹೆಸರಿನ ಪಟ್ಟಿ ಯಾರ ಹತ್ರ ಇಸ್ಕೊಳ್ಳೋದು? ಕೊನೇ ಗಳಿಗೇಲಿ ಒಬ್ಬೊಬ್ಬರೂ ಒಂದೊಂದು ಹೆಸರು ಹೇಳ್ತಾರೆ.

ಒಬ್ಬರ ಹತ್ತಿರ ಮಾತ್ರ, ಬರಹದಲ್ಲಿ. ಯಾರೆಂದು ಕೂಟದ ಅಧ್ಯಕ್ಷರೇ ತೀರ್ಮಾನಿಸಲಿ. ಹಿಂದಿನ ದಿನ ಸಂಜೆ ಪಟ್ಟಿ ಮುಗಿಯಿತು ಎಂದು ಎಲ್ಲರಿಗೂ ತಿಳಿಸಿಬಿಡಿ.

ಪಟ್ಟಿಯಲ್ಲಿ ಪ್ರತಿ ಹೆಸರಿಗೂ ನಾಲ್ಕು ವಿವರ ಇರಲಿ: ಹೆಸರು, ಹುದ್ದೆ, ಏನು ಮಾಡಿದರು, ಗಂಡಸೋ ಹೆಂಗಸೋ. ಕೊನೆಯದು ಕೇಳಿದಾಗ ಹಲವರು ಹುಬ್ಬೇರಿಸುತ್ತಾರೆ. ನಾವು ‘ಡಾಕ್ಟರ್ ಅವರು ಬಂದರು, ಅವರು ಸಹಾಯ ಮಾಡಿದರು’ ಎಂದು ಗೌರವದ ಬಹುವಚನದಲ್ಲಿ ಇಡೀ ಭಾಷಣ ಮುಗಿಸಿಬಿಡಬಹುದು. ಇಂಗ್ಲಿಷಿನಲ್ಲಿ ಎರಡನೆಯ ವಾಕ್ಯಕ್ಕೇ ‘ಹಿ’ ಅಥವಾ ‘ಶಿ’ ಬೇಕಾಗುತ್ತದೆ. ಅನುವಾದಕರು ಆ ವ್ಯಕ್ತಿಯನ್ನು ನೋಡಿರದಿದ್ದರೆ ಅಲ್ಲೇ ತಡವರಿಸುತ್ತಾರೆ, ಇಲ್ಲವೇ ಊಹೆ ಮಾಡಿ ತಪ್ಪುತ್ತಾರೆ.

ಪರದೇಶದ ಹೆಸರುಗಳನ್ನು ಅವರವರ ಬಾಯಲ್ಲೇ ಹೇಳಿಸಿಕೊಂಡು ಕನ್ನಡ ಲಿಪಿಯಲ್ಲಿ ಕೇಳಿದಂತೆ ಬರೆದುಕೊಳ್ಳಿ. ಇಂಗ್ಲಿಷ್ ಕಾಗುಣಿತ ನೋಡಿ ಓದಲು ಹೋದರೆ ಹೆಸರು ಕೆಡುತ್ತದೆ.

## ಬರೆಯುವಾಗ

ಊರಲ್ಲಿ ಮಾಡೋ ಹಾಗೇ ಬರೆದುಕೊಂಡೆ. ಅನುವಾದ ಮಾಡೋ ಹುಡುಗಿ ‘ಅಂಕಲ್, ಎಲ್ಲಿ ನಿಲ್ಲಿಸ್ತೀರಿ’ ಅಂತ ಕೇಳ್ತಾಳೆ. ಏನು ತಪ್ಪಾಗಿದೆ?

ಆ ಹುಡುಗಿ ಸರಿಯಾದ ಜಾಗವನ್ನೇ ಮುಟ್ಟಿದ್ದಾಳೆ. ಅನುವಾದ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ನಮ್ಮ ವಂದನಾರ್ಪಣೆಯ ರೂಢಿಯ ವಾಕ್ಯ ಹೀಗಿರುತ್ತದೆ:

‘ಈ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟು, ಬೆಳಿಗ್ಗೆಯಿಂದ ನಮ್ಮ ಜೊತೆಯಲ್ಲೇ ಇದ್ದು, ಧ್ವನಿವರ್ಧಕದ ವ್ಯವಸ್ಥೆಯನ್ನೂ ನೋಡಿಕೊಂಡ ಶಾಲೆಯ ಮುಖ್ಯೋಪಾಧ್ಯಾಯರಿಗೂ, ದೂರದಿಂದ ಬಂದು ಕಾರ್ಯಕ್ರಮಕ್ಕೆ ಮೆರುಗು ತಂದ ಮೇಯರ್ ಅವರಿಗೂ, ತನು ಮನ ಧನದಿಂದ ಸಹಕರಿಸಿದ ಎಲ್ಲ ದಾನಿಗಳಿಗೂ ಹೃತ್ಪೂರ್ವಕ ವಂದನೆಗಳನ್ನು ಅರ್ಪಿಸುತ್ತೇನೆ.’

ಕನ್ನಡದ ಕಿವಿಗೆ ಇದರಲ್ಲಿ ದೋಷವಿಲ್ಲ. ಕಾರಣ ಮೊದಲು ಬರುತ್ತದೆ, ವ್ಯಕ್ತಿ ಆಮೇಲೆ, ಕ್ರಿಯಾಪದ ಕಟ್ಟಕಡೆಗೆ. ಕೇಳುವವರು ಕಾಯುತ್ತಾರೆ, ಆ ಕಾಯುವಿಕೆಯಲ್ಲೇ ಒಂದು ಗಾಂಭೀರ್ಯ ಇದೆ. ಇಂಗ್ಲಿಷಿನ ಕಟ್ಟು ಇದಕ್ಕೆ ತಿರುವುಮುರುವು: ಮೊದಲು ವಂದನೆ, ಕೂಡಲೇ ಯಾರಿಗೆ, ಆಮೇಲೆ ಯಾಕೆ. ಹಾಗಾಗಿ ‘ಅರ್ಪಿಸುತ್ತೇನೆ’ ಬರುವವರೆಗೆ ಅನುವಾದಕರು ಬಾಯಿ ತೆರೆಯುವಂತೆಯೇ ಇಲ್ಲ. ಆ ಹೊತ್ತಿಗೆ ಮೂರು ಜನ, ಐದು ಕೆಲಸ ನೆನಪಿಟ್ಟುಕೊಂಡಿರಬೇಕು. ನೀವು ನಡುವೆ ‘ನೋಡಿಕೊಂಡ’ ಎನ್ನುವಲ್ಲಿ ಉಸಿರು ಎಳೆದುಕೊಂಡರೆ, ವಾಕ್ಯ ಮುಗಿಯಿತೆಂದು ಅವರು ಶುರು ಮಾಡಿ ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ.

ಪರಿಹಾರ ಸರಳ. ಒಂದು ಸರದಿಗೆ ಒಬ್ಬರು ಅಥವಾ ಒಂದು ಗುಂಪು. ಮೊದಲ ವಾಕ್ಯದಲ್ಲಿ ವಂದನೆ, ಎರಡನೆಯ ವಾಕ್ಯದಲ್ಲಿ ಕಾರಣ. ‘ಈ ಶಾಲೆಯ ಮುಖ್ಯೋಪಾಧ್ಯಾಯರಿಗೆ ವಂದನೆಗಳು. ಅವರು ಈ ಸಭಾಂಗಣವನ್ನು ನಮಗೆ ಕೊಟ್ಟರು.’ ಎರಡೂ ಪೂರ್ಣ ವಾಕ್ಯ, ಎರಡೂ ಅಚ್ಚಗನ್ನಡವೇ. ಒಂದು ಸರದಿ ಹತ್ತರಿಂದ ಇಪ್ಪತ್ತು ಪದದಲ್ಲಿ ಮುಗಿಯಲಿ, ಮೂರು ವಾಕ್ಯ ದಾಟದಿರಲಿ. ಹೀಗೆ ಒಡೆದಾಗ ‘ಇದು ಒಣಒಣ ಅನ್ನಿಸುತ್ತದೆ’ ಎಂದು ಹಿರಿಯರು ಹೇಳುವುದುಂಟು. ಆದರೆ ಪ್ರತಿಯೊಬ್ಬರ ಹೆಸರು ಒಂಟಿಯಾಗಿ, ತಾನೇ ತಾನಾಗಿ ನಿಲ್ಲುವುದರಿಂದ ಆ ವ್ಯಕ್ತಿಗೆ ಸಿಗುವ ಚಪ್ಪಾಳೆ ಹೆಚ್ಚು.

ಹಾಗೆ ಒಡೆದ ಒಂದು ಪೂರ್ತಿ ವಂದನಾರ್ಪಣೆ ಬರೆದು ತೋರಿಸ್ತೀರಾ?

ಕಡೂರು ಕಡೆಯ ಹತ್ತು ಜನರ ವೀರಗಾಸೆ ತಂಡ ಇಂಗ್ಲೆಂಡಿನ ಒಂದು ನಗರದ ಕನ್ನಡ ಕೂಟಕ್ಕೆ ಹೋಗಿದೆ ಎಂದು ಇಟ್ಟುಕೊಳ್ಳಿ. ಶಾಲೆಯ ಸಭಾಂಗಣ, ಇನ್ನೂರು ಜನ, ಎದುರಿನ ಸಾಲಿನಲ್ಲಿ ಮೇಯರ್. ತಂಡದ ಹಿರಿಯರು ಮಾತಾಡುತ್ತಾರೆ, ಕೂಟದ ಒಬ್ಬ ಯುವತಿ ಇಂಗ್ಲಿಷಿಗೆ ಮಾಡುತ್ತಾಳೆ. ಅರ್ಧ ಹಾಳೆಯ ಎಂಟು ಕಾರ್ಡು, ಒಂದೊಂದರಲ್ಲಿ ಒಂದು ಸರದಿ.

ಕಾರ್ಡು 1: ‘ಎಲ್ಲರಿಗೂ ನಮಸ್ಕಾರ. ನಾವು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯವರು. ವೀರಗಾಸೆ ಕುಣಿದ ನಮ್ಮ ತಂಡದ ಪರವಾಗಿ ವಂದನೆ ಹೇಳಲು ನಿಂತಿದ್ದೇನೆ.’

ಕಾರ್ಡು 2: ‘ಮೊದಲಿಗೆ ಮೇಯರ್ ಅವರಿಗೆ ವಂದನೆಗಳು. ಅರ್ಧ ಗಂಟೆ ಇದ್ದು ಹೋಗಬೇಕಾದವರು ಕೊನೆಯ ಕುಣಿತದವರೆಗೂ ಕೂತು ನೋಡಿದರು.’

ಕಾರ್ಡು 3: ‘ಈ ಶಾಲೆಯ ಮುಖ್ಯೋಪಾಧ್ಯಾಯರಿಗೆ ವಂದನೆಗಳು. ಅವರು ಈ ಸಭಾಂಗಣವನ್ನು ನಮಗೆ ಕೊಟ್ಟರು. ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತೆಗೆದ ಕೇರ್‌ಟೇಕರ್ ಅವರಿಗೂ ವಂದನೆಗಳು.’

ಕಾರ್ಡು 4: ‘ನಮ್ಮ ಪ್ರಯಾಣದ ಖರ್ಚು ಹೊತ್ತ ದಾನಿಗಳಿಗೆ ವಂದನೆಗಳು. ಅವರ ಹೆಸರುಗಳು ಈಗ ಪರದೆಯ ಮೇಲಿವೆ. ಎಲ್ಲರಿಗೂ ಒಟ್ಟಿಗೆ ಚಪ್ಪಾಳೆ ತಟ್ಟೋಣ.’

ಕಾರ್ಡು 5: ‘ಅಡುಗೆ ಮಾಡಿದವರಿಗೆ ವಂದನೆಗಳು. ಇನ್ನೂರು ಜನಕ್ಕೆ ಅಕ್ಕಿ ರೊಟ್ಟಿ ತಟ್ಟಿದ ಕೈಗಳು ಅವರವು. ಅವರ ಎಣ್ಣೆಗಾಯಿ ತಿಂದು ನಮಗೆ ಊರೇ ನೆನಪಾಯಿತು.’

ಕಾರ್ಡು 6: ‘ನಮ್ಮ ಹತ್ತು ಜನರನ್ನು ನಾಲ್ಕು ಮನೆಯವರು ಒಂದು ವಾರ ಇಟ್ಟುಕೊಂಡರು. ಆ ನಾಲ್ಕೂ ಕುಟುಂಬಗಳಿಗೆ ನಾವು ಋಣಿಗಳು.’

ಕಾರ್ಡು 7: ‘ಧ್ವನಿ ಬೆಳಕು ನೋಡಿಕೊಂಡವರಿಗೆ, ಕುರ್ಚಿ ಜೋಡಿಸಿದ ಸ್ವಯಂಸೇವಕರಿಗೆ, ನನ್ನ ಮಾತನ್ನು ಇಂಗ್ಲಿಷಿಗೆ ಮಾಡುತ್ತಿರುವ ಈ ಮಗಳಿಗೆ ವಂದನೆಗಳು.’

ಕಾರ್ಡು 8: ‘ಇಷ್ಟು ಹೊತ್ತು ಕೂತು ನೋಡಿದ ನಿಮ್ಮೆಲ್ಲರಿಗೂ ವಂದನೆಗಳು. ಅಧ್ಯಕ್ಷರ ಅನುಮತಿಯೊಂದಿಗೆ ಸಭೆಯನ್ನು ಮುಗಿಸುತ್ತೇನೆ. ಈಗ ರಾಷ್ಟ್ರಗೀತೆಗೆ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.’

ಇಂಗ್ಲಿಷಿಗೆ ಮಾಡುವಾಗ ಎಲ್ಲ ಕಾರ್ಡೂ ಒಂದೇ ರೀತಿ ದಾಟುವುದಿಲ್ಲ. ಮೊದಲನೆಯದರಲ್ಲಿ ಕಡೂರು ಎಂದರೆ ಅಲ್ಲಿಯವರಿಗೆ ಏನೂ ಹೊಳೆಯದು. ‘ದಕ್ಷಿಣ ಭಾರತದ, ಕಾಫಿ ಬೆಳೆಯುವ ಒಂದು ಜಿಲ್ಲೆ’ ಎಂದು ಅನುವಾದಕಿ ಸೇರಿಸಿದರೆ ಮೇಯರ್ ತಲೆಯಾಡಿಸುತ್ತಾರೆ. ಎರಡನೆಯ ಕಾರ್ಡಿನ ಅಂಚಿನಲ್ಲಿ ಮೇಯರ್ ಗಂಡಸೋ ಹೆಂಗಸೋ ಎಂದು ಬರೆದಿರಬೇಕು. ಐದನೆಯದರಲ್ಲಿ ಅಕ್ಕಿ ರೊಟ್ಟಿಯನ್ನು ಹೆಸರು ಹಿಡಿದೇ ಹೇಳಿ, ಅಕ್ಕಿ ಹಿಟ್ಟಿನದು ಎಂದು ಎರಡು ಪದ ಸೇರಿಸಿದರೆ ಸಾಕು. ಎಣ್ಣೆಗಾಯಿಯ ಬದನೆಯನ್ನು ಇಂಗ್ಲೆಂಡಿನಲ್ಲಿ ‘ಓಬರ್ಜೀನ್’ ಅನ್ನಬೇಕು, ಅದೇ ಭಾಷಣ ಅಮೆರಿಕದಲ್ಲಾದರೆ ‘ಎಗ್‌ಪ್ಲಾಂಟ್’. ನಮ್ಮೂರ ಇಂಗ್ಲಿಷಿನ ‘ಬ್ರಿಂಜಾಲ್’ ಎಲ್ಲರಿಗೂ ತಿಳಿಯುವುದಿಲ್ಲ. ಆರನೆಯದರ ಋಣವನ್ನು ಸಾಲವೆಂದು ಮಾಡಬಾರದು. ‘ನಿಮ್ಮ ಉಪಕಾರವನ್ನು ಮರೆಯುವುದಿಲ್ಲ’ ಎಂಬ ಭಾವ ಬಂದರೆ ಸಾಕು.

ಏಳನೆಯದರಲ್ಲಿ ಮೂರು ಗುಂಪು ಒಂದೇ ವಾಕ್ಯದಲ್ಲಿವೆ. ಹೆಸರುಗಳಿಲ್ಲ, ಕೆಲಸಗಳು ಚಿಕ್ಕ ಪದದಲ್ಲಿವೆ, ಆದ್ದರಿಂದ ಅನುವಾದಕಿಗೆ ಹೊರೆಯಾಗದು. ‘ಈ ಮಗಳು’ ಎನ್ನುವುದನ್ನು ಹಾಗೆಯೇ ಹೇಳಿದರೆ ಕೇಳುವವರು ನಿಜವಾಗಿ ನಿಮ್ಮ ಮಗಳೆಂದೇ ತಿಳಿಯುತ್ತಾರೆ. ಅಣ್ಣ, ಅಕ್ಕ, ಅಮ್ಮ ಎಂದು ಗೌರವಕ್ಕೆ ಕರೆದಾಗಲೂ ಇದೇ ಫಜೀತಿ. ಅಂಥ ಕಡೆ ಅನುವಾದಕರು ವ್ಯಕ್ತಿಯ ಹೆಸರನ್ನೋ ಕೆಲಸವನ್ನೋ ಹೇಳಬೇಕು.

ಇಡೀ ಕನ್ನಡ ಪಾಠ ಎರಡು ನಿಮಿಷದೊಳಗೆ ಮುಗಿಯುತ್ತದೆ. ಹೊತ್ತು ಕತ್ತರಿಸಿ ಬಂದರೆ 5 ಮತ್ತು 7ನೆಯ ಕಾರ್ಡುಗಳನ್ನು ‘ಅಡುಗೆಯವರಿಗೆ, ಸ್ವಯಂಸೇವಕರಿಗೆ ವಂದನೆಗಳು’ ಎಂದು ಒಂದು ಮಾಡಿ. 2, 3, 6 ಮತ್ತು 8ನ್ನು ಮುಟ್ಟಬೇಡಿ.

‘ತನು ಮನ ಧನ’, ‘ಅಳಿಲು ಸೇವೆ’, ‘ಅನಂತಾನಂತ ವಂದನೆ’ ಇವನ್ನೆಲ್ಲ ಬಿಟ್ಟುಬಿಡಬೇಕಾ?

ಒಂದನ್ನು ಉಳಿಸಿಕೊಳ್ಳಿ, ನಿಮಗೆ ಪ್ರಿಯವಾದದ್ದನ್ನು. ‘ಅಳಿಲು ಸೇವೆ’ ಉಳಿಸಿಕೊಂಡರೆ, ಸೇತುವೆ ಕಟ್ಟುವಾಗ ಅಳಿಲೂ ಮರಳು ಹೊತ್ತ ಕಥೆಯನ್ನು ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಲು ಅನುವಾದಕರಿಗೆ ಮೊದಲೇ ಹೇಳಿಕೊಡಿ. ಅಲ್ಲೇ ಬೆಳೆದ ಮಕ್ಕಳೂ ಅದನ್ನು ಇಷ್ಟಪಟ್ಟು ಕೇಳುತ್ತಾರೆ. ಉಳಿದ ಅಲಂಕಾರಗಳೆಲ್ಲ ಇಂಗ್ಲಿಷಿಗೆ ದಾಟುವಾಗ ಒಂದೇ ‘ಥ್ಯಾಂಕ್ಯೂ’ ಆಗಿಬಿಡುತ್ತವೆ. ಅನುವಾದಕರು ಅದನ್ನೇ ಎಂಟು ಸಲ ಹೇಳಿದರೆ ಸಭೆ ಆಕಳಿಸುತ್ತದೆ. ವೈವಿಧ್ಯ ಬರುವುದು ಕಾರಣದಿಂದ. ‘ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದರು’ ಎನ್ನುವುದು ಯಾವ ಭಾಷೆಯಲ್ಲೂ ಸಪ್ಪೆಯಾಗುವುದಿಲ್ಲ.

ನಮ್ಮೂರಿನ ಬಗ್ಗೆ ಎಷ್ಟು ಹೇಳಬಹುದು? ಬೇಲೂರು ಹಳೇಬೀಡು ಹೇಳದೆ ಹೇಗಿರೋದು?

ಒಂದು ವಾಕ್ಯ. ಹಾಸನದವರಾದರೆ ಬೇಲೂರು, ಹಳೇಬೀಡುಗಳನ್ನು ಸೋಮನಾಥಪುರದ ಜೊತೆಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ಹೇಳಿ. ಯುನೆಸ್ಕೋ ಎಂದರೆ ಪರದೇಶದ ಅತಿಥಿಗೂ ಅರ್ಥವಾಗುತ್ತದೆ. ಶಿಲಾಬಾಲಿಕೆಯರ ವರ್ಣನೆ, ಹೊಯ್ಸಳರ ವಂಶಾವಳಿ ಸ್ವಾಗತ ಭಾಷಣದವರಿಗೋ ಮುಖ್ಯ ಭಾಷಣದವರಿಗೋ ಸೇರಿದ್ದು.

ಮೇಯರ್‌ಗೆ ‘ಸನ್ಮಾನ್ಯ’ ಅಂದರೆ ಇಂಗ್ಲಿಷಲ್ಲಿ ಏನು ಹೇಳಬೇಕು?

ಅದು ದೇಶದ ರೂಢಿಗೆ ಬಿಟ್ಟದ್ದು. ಇಂಗ್ಲೆಂಡಿನಲ್ಲಿ ಎದುರಿಗಿರುವ ಮೇಯರನ್ನು ‘ಮಿಸ್ಟರ್ ಮೇಯರ್’ ಅಥವಾ ‘ಮೇಡಂ ಮೇಯರ್’ ಎಂದು ಕರೆಯುತ್ತಾರೆ, ಚುನಾಯಿತ ಸದಸ್ಯರ ಹೆಸರಿಗೆ ಮೊದಲು ‘ಕೌನ್ಸಿಲರ್’ ಸೇರಿಸುತ್ತಾರೆ. ಅತಿಥಿಯ ಕಚೇರಿಯಿಂದ ಬಂದ ಪತ್ರದಲ್ಲಿ ಹೇಗೆ ಬರೆದಿದೆಯೋ ಹಾಗೆ ಹೇಳಿದರೆ ತಪ್ಪಾಗುವುದಿಲ್ಲ. ನಿಮ್ಮ ಕನ್ನಡದಲ್ಲಿ ‘ಸನ್ಮಾನ್ಯ’ ಇದ್ದೇ ಇರಲಿ, ಅದಕ್ಕೆ ಸಮನಾದ ಪದ ಹುಡುಕಲು ಅನುವಾದಕರು ಹೊರಡಬಾರದು.

## ವೇದಿಕೆಯ ಮೇಲೆ

ಇಬ್ಬರೂ ಎಲ್ಲಿ ನಿಲ್ಲಬೇಕು? ಮೈಕ್ ಒಂದೇ ಇದ್ದರೆ?

ಒಬ್ಬರ ಪಕ್ಕ ಒಬ್ಬರು, ಒಂದು ಮಾರು ಅಂತರದಲ್ಲಿ, ಇಬ್ಬರೂ ಸಭೆಗೆ ಮುಖ ಮಾಡಿ. ಅನುವಾದಕರು ಹಿಂದೆ ನಿಂತರೆ ನಿಮ್ಮ ದನಿ ಅವರಿಗೆ ಕೇಳುವುದಿಲ್ಲ, ಏಕೆಂದರೆ ಧ್ವನಿಪೆಟ್ಟಿಗೆಗಳು ಸಭೆಯ ಕಡೆಗೆ ತಿರುಗಿರುತ್ತವೆ. ಎರಡು ಮೈಕು ಕೇಳಿ ಪಡೆಯಿರಿ. ಒಂದೇ ಆದರೆ ಸ್ಟ್ಯಾಂಡಿನಲ್ಲಿಟ್ಟು ಸರದಿಯಂತೆ ಒಂದು ಹೆಜ್ಜೆ ಮುಂದೆ ಬನ್ನಿ. ಕೈಯಿಂದ ಕೈಗೆ ದಾಟಿಸಿದರೆ ಪ್ರತಿ ಸಲವೂ ಗಡಗಡ ಸದ್ದು, ಎರಡು ಮೂರು ಸೆಕೆಂಡು ನಷ್ಟ. ಎಂಟು ಕಾರ್ಡಿಗೆ ಹದಿನಾರು ಸಲ ದಾಟುತ್ತದೆ ಎಂದು ಲೆಕ್ಕ ಹಾಕಿ.

ಇಬ್ಬರ ಕೈಯಲ್ಲೂ ಒಂದೇ ಸಂಖ್ಯೆಯ ಕಾರ್ಡುಗಳಿರಲಿ. ಸರದಿ ಮುಗಿದಾಗ ನೀವು ಕಾರ್ಡನ್ನು ಹಿಂದಕ್ಕೆ ಹಾಕಿದರೆ ಅದೇ ಸನ್ನೆ. ‘ಹೇಳಮ್ಮ’ ಎಂದು ಮೈಕಿನಲ್ಲಿ ಹೇಳಬೇಕಾಗುವುದಿಲ್ಲ.

ಅನುವಾದಕರು ‘ಅವರು ವಂದಿಸುತ್ತಿದ್ದಾರೆ’ ಅನ್ನಬೇಕಾ, ‘ನಾನು ವಂದಿಸುತ್ತೇನೆ’ ಅನ್ನಬೇಕಾ?

‘ನಾನು’ ಎಂದೇ. ನಿಮ್ಮ ದನಿಯಾಗಿ ಅವರು ನಿಂತಿರುವುದು. ‘ಇವರು ಹೀಗೆ ಹೇಳುತ್ತಿದ್ದಾರೆ’ ಎಂದು ಶುರು ಮಾಡಿದರೆ ವಂದನೆ ವರದಿಯಾಗುತ್ತದೆ, ಮೇಯರ್ ಕಣ್ಣು ನಿಮ್ಮಿಂದ ತಪ್ಪಿ ಅನುವಾದಕರ ಕಡೆಗೇ ನಿಲ್ಲುತ್ತದೆ. ಇಂಗ್ಲಿಷ್ ನಡೆಯುವಾಗ ನೀವೂ ಕಾರ್ಡು ನೋಡುತ್ತಾ ನಿಲ್ಲದೆ, ವಂದನೆ ಯಾರಿಗೋ ಅವರ ಕಡೆ ನೋಡಿ ಕೈ ಮುಗಿಯಿರಿ.

ಕಾರ್ಡು 7ರಂತೆ ಅನುವಾದಕರಿಗೇ ವಂದನೆ ಬಂದಾಗ ಬಹಳ ಜನ ನಾಚಿಕೊಂಡು ಆ ಭಾಗವನ್ನು ನುಂಗಿಬಿಡುತ್ತಾರೆ. ನುಂಗಬಾರದು, ‘ನನ್ನ ಅನುವಾದಕಿಗೂ’ ಎಂದು ಹೇಳಿ ಮುಂದುವರಿಯಬೇಕು. ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಹಣವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಾರೆ, 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರು ದೀಪಾ ಭಾಸ್ತಿ ಅವರೊಡನೆ ಅದನ್ನು ಹಂಚಿಕೊಂಡರು. ಅನುವಾದ ಮಾಡುವ ಮಕ್ಕಳಿಗೆ ಇದನ್ನು ಹೇಳಿ, ಸಂಕೋಚ ಹೋಗುತ್ತದೆ.

ಕನ್ನಡ ಮುಗಿದ ಕೂಡಲೇ ಚಪ್ಪಾಳೆ ಬೀಳುತ್ತೆ, ಇಂಗ್ಲಿಷ್ ಕೇಳೋದೇ ಇಲ್ಲ. ಏನು ಮಾಡೋದು?

ಸಭೆಯ ಹೆಚ್ಚಿನವರಿಗೆ ಕನ್ನಡ ಗೊತ್ತಿದ್ದಾಗ ಇದು ಆಗಿಯೇ ಆಗುತ್ತದೆ. ಅನುವಾದಕರು ಚಪ್ಪಾಳೆಯ ಮೇಲೆ ಮಾತಾಡಬಾರದು, ಸದ್ದು ಇಳಿಯಲು ಶುರುವಾದಾಗ ಆರಂಭಿಸಬೇಕು. ಇಂಗ್ಲಿಷಿನ ನಂತರ ಕೂಡ ಅರೆಗಳಿಗೆ ನಿಲ್ಲಿ, ಇಲ್ಲದಿದ್ದರೆ ಕನ್ನಡ ತಿಳಿಯದ ನಾಲ್ಕು ಜನ ಚಪ್ಪಾಳೆ ಶುರು ಮಾಡಿ ಮುಜುಗರದಿಂದ ಕೈ ನಿಲ್ಲಿಸುತ್ತಾರೆ. ಇನ್ನೊಂದು ದಾರಿ, ಪರದೇಶದ ಅತಿಥಿಗಳಿಗೆ ಸಂಬಂಧಿಸಿದ ಕಾರ್ಡುಗಳಲ್ಲಿ ಮಾತ್ರ ಕೈ ಎತ್ತಿ ಸಭೆಯನ್ನು ತಡೆದು, ಇಂಗ್ಲಿಷ್ ಮುಗಿದ ಮೇಲೆ ನೀವೇ ಚಪ್ಪಾಳೆ ಶುರು ಮಾಡುವುದು. ನಮ್ಮ ಅಭಿಪ್ರಾಯದಲ್ಲಿ ಇದೇ ಮೇಲು.

ಮಾತಾಡ್ತಾ ಇದ್ದಾಗ ಕೆಳಗಿಂದ ಚೀಟಿ ಬರುತ್ತೆ, ‘ಇವರ ಹೆಸರು ಬಿಟ್ಟಿದ್ದೀರಿ’ ಅಂತ.

ಚೀಟಿಯನ್ನು ಅಲ್ಲೇ ಓದಬೇಡಿ, 7ನೆಯ ಕಾರ್ಡಿನ ಹಿಂದೆ ಇಡಿ. ಆ ಸರದಿ ಬಂದಾಗ ಹೆಸರನ್ನು ನಿಧಾನವಾಗಿ ಒಮ್ಮೆ ಹೇಳಿ, ಚೀಟಿಯನ್ನು ಅನುವಾದಕರಿಗೆ ತೋರಿಸಿ. ‘ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಕ್ಷಮೆ ಇರಲಿ’ ಎನ್ನುವ ರೂಢಿಯ ಮಾತನ್ನು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಹೆಸರು ಹೇಳದಿದ್ದರೂ ನೆರವಾದ ಎಲ್ಲರಿಗೂ’ ಎಂದರೆ ಸಾಕು.

ಅನುವಾದದಲ್ಲಿ ತಪ್ಪಾಯ್ತು ಅಂತ ನನಗೆ ಗೊತ್ತಾದರೆ ಅಲ್ಲೇ ತಿದ್ದಬಹುದಾ?

ಹೆಸರು, ಹುದ್ದೆ, ಹಣದ ಅಂಕಿ ಈ ಮೂರರಲ್ಲಿ ತಪ್ಪಾದರೆ ತಿದ್ದಿ. ಮೆಲ್ಲಗೆ ಕಿವಿಯಲ್ಲಿ ಹೇಳಿದರೆ ಅವರೇ ಸರಿಪಡಿಸಿ ಹೇಳುತ್ತಾರೆ. ಉಳಿದದ್ದನ್ನು ಬಿಡಿ. ವೇದಿಕೆಯಲ್ಲಿ ಹಿರಿಯರು ತಿದ್ದಿದರೆಂದರೆ ಮುಂದಿನ ಎಲ್ಲ ಕಾರ್ಡುಗಳಲ್ಲೂ ಆ ಹುಡುಗಿ ನಿಮ್ಮ ಮುಖ ನೋಡುತ್ತಲೇ ಮಾತಾಡುತ್ತಾಳೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

‘ನಾವು’, ‘ನಮ್ಮ’ ಅಂತ ಹಿರಿಯರು ಹೇಳಿದರೆ ಅನುವಾದ ಮಾಡೋ ನನಗೇ ಗೊಂದಲ. ಯಾವ ನಾವು?

ಇದು ಅನುವಾದಕರಿಂದಲೇ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಹಾಸನದಿಂದ ಹೋದವರು ‘ನಮ್ಮ ಸಂಘ’ ಅಂದರೆ ಊರಿನ ಸಂಘವೋ, ಅಲ್ಲಿನ ಕನ್ನಡ ಕೂಟವೋ? ‘ನಮ್ಮ ಮಕ್ಕಳು’ ಅಂದರೆ ತಂಡದ ಮಕ್ಕಳೋ, ಅನಿವಾಸಿ ಕನ್ನಡಿಗರ ಮಕ್ಕಳೋ? ಕನ್ನಡದ ಕೇಳುಗರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಮಾತ್ರ ಕೇಳುತ್ತಿರುವವರಿಗೆ ಆ ಸಂದರ್ಭವೇ ಸಿಕ್ಕಿರುವುದಿಲ್ಲ. ಅಭ್ಯಾಸದ ದಿನ ಬರಹದಲ್ಲಿರುವ ಪ್ರತಿ ‘ನಮ್ಮ’ಕ್ಕೂ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಯಾರೆಂದು ಮೇಲೆ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಆ ಹೆಸರನ್ನೇ ಹೇಳಿ.

ಅನುವಾದದ ಗೋಜೇ ಬೇಡ, ಇಂಗ್ಲಿಷನ್ನು ಪರದೆ ಮೇಲೆ ತೋರಿಸಿದರೆ ಆಗಲ್ವಾ?

ಆಗುತ್ತದೆ, ಹೊತ್ತು ಅರ್ಧ ಉಳಿಯುತ್ತದೆ. ಆದರೆ ನೀವು ಬರೆದದ್ದನ್ನು ಬಿಟ್ಟು ಒಂದು ವಾಕ್ಯವನ್ನೂ ಹೆಚ್ಚಿಗೆ ಆಡುವಂತಿಲ್ಲ. ಒಂದು ಸ್ಲೈಡಿಗೆ ಒಂದು ಸರದಿ, ಎರಡೇ ಸಾಲು, ಹಿಂದಿನ ಸಾಲಿಗೂ ಕಾಣುವ ದಪ್ಪ ಅಕ್ಷರ. ಸ್ಲೈಡ್ ತಿರುಗಿಸುವವರಿಗೆ ಕನ್ನಡ ಓದಲು ಬರಲೇಬೇಕು, ಇಲ್ಲದಿದ್ದರೆ ನೀವು ಅಡುಗೆಯವರನ್ನು ಹೊಗಳುವಾಗ ಪರದೆಯ ಮೇಲೆ ಮೇಯರ್ ಇರುತ್ತಾರೆ. ದಾನಿಗಳ ಉದ್ದ ಪಟ್ಟಿಗಂತೂ ಪರದೆಯೇ ಸರಿ. ಅಲ್ಲಿ ಯಾರ ಹೆಸರು ಮೊದಲು ಎಂಬ ತಕರಾರು ಬಾರದಂತೆ ಅಕಾರಾದಿಯಲ್ಲಿ ಹಾಕಿ. ಮಕ್ಕಳ ಹೆಸರು ಹಾಕುವುದಿದ್ದರೆ ತಂದೆತಾಯಿಯರನ್ನು ಕೇಳಿಯೇ ಹಾಕಿ.

ನನಗೆ ಎರಡೂ ಭಾಷೆ ಬರುತ್ತೆ. ನಾನೊಬ್ಬನೇ ಎರಡೂ ಹೇಳಿದರೆ?

ಹೇಳಬಹುದು. ಆದರೆ ಸಾಲುಸಾಲಾಗಿ ನಿಮ್ಮನ್ನು ನೀವೇ ಅನುವಾದಿಸಬೇಡಿ, ಕೇಳುವವರಿಗೆ ಆಯಾಸವಾಗುತ್ತದೆ. ಪರದೇಶದ ಅತಿಥಿಗಳ ವಂದನೆಯನ್ನು ಇಂಗ್ಲಿಷಿನಲ್ಲೇ, ಅಡುಗೆಯವರು, ಆತಿಥೇಯರು, ಸ್ವಯಂಸೇವಕರ ವಂದನೆಯನ್ನು ಕನ್ನಡದಲ್ಲೇ ಹೇಳಿ, ಮುಗಿಸುವಾಗ ಮಾತ್ರ ಎರಡರಲ್ಲೂ ಹೇಳಿ.

ಆಸ್ಟ್ರೇಲಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳನ್ನ ನೆನೆಯಬೇಕು ಅಂದರು. ವಂದನಾರ್ಪಣೆಯಲ್ಲಾ?

ಅದನ್ನು ಸಾಮಾನ್ಯವಾಗಿ ಕಾರ್ಯಕ್ರಮದ ಆರಂಭದಲ್ಲಿ ಮಾಡುತ್ತಾರೆ. ಆ ನೆಲಕ್ಕೆ ಸ್ವಾಗತ ಕೋರುವುದು ಆ ಭೂಮಿಯ ಮೂಲ ಸಮುದಾಯದವರಿಗೇ ಸಲ್ಲುವ ಹಕ್ಕು. ಅವರನ್ನು ಗೌರವದಿಂದ ಸ್ಮರಿಸುವುದನ್ನು ಮಾತ್ರ ಬೇರೆ ಯಾರು ಬೇಕಾದರೂ ಮಾಡಬಹುದು. ಆ ಸಮುದಾಯದ ಹಿರಿಯರು ಬಂದು ಸ್ವಾಗತ ಕೋರಿದ್ದರೆ ಅವರ ಹೆಸರು ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ, ಮೇಯರ್‌ಗಿಂತ ಮುಂಚೆ ಬರಲಿ. ಸಮುದಾಯದ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅವರಿಂದಲೇ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ.

ಕೊನೇಲಿ ರಾಷ್ಟ್ರಗೀತೆ ಶುರುವಾದಾಗ ಪರದೇಶದ ಅತಿಥಿಗಳು ಕೂತೇ ಇದ್ದರು. ತಪ್ಪು ಅವರದಾ?

ಅವರದಲ್ಲ. ಕನ್ನಡದಲ್ಲಿ ‘ಎದ್ದು ನಿಲ್ಲಿ’ ಎಂದು ಹೇಳಿದ ಕೂಡಲೇ ಸಭೆ ಎದ್ದಿತು, ಧ್ವನಿಯವರು ಹಾಡು ಹಾಕಿದರು, ಇಂಗ್ಲಿಷಿಗೆ ಸರದಿಯೇ ಬರಲಿಲ್ಲ. ಎಂಟನೆಯ ಕಾರ್ಡಿನಲ್ಲಿ ಮಾತ್ರ ಕ್ರಮ ತಿರುಗಿಸಿ. ‘ಸಭೆಯನ್ನು ಮುಗಿಸುತ್ತೇನೆ’ ಎಂಬಲ್ಲಿ ನಿಲ್ಲಿಸಿ, ಎದ್ದು ನಿಲ್ಲುವ ಸೂಚನೆಯನ್ನು ಅನುವಾದಕರು ಮೊದಲು ಇಂಗ್ಲಿಷಿನಲ್ಲಿ ಹೇಳಲಿ, ನಂತರ ನೀವು ಕನ್ನಡದಲ್ಲಿ ಹೇಳಿ. ಧ್ವನಿಯವರಿಗೆ ನಿಮ್ಮ ಕನ್ನಡ ವಾಕ್ಯವೇ ಸನ್ನೆ ಎಂದು ತಿಳಿಸಿರಿ. ಹಾಡಿನ ನಂತರ ಊಟ ಎಲ್ಲಿ, ಮಕ್ಕಳಿಗೆ ಬೇರೆ ಸಾಲು ಇದೆಯೇ, ಯಾವ ಅಡುಗೆಯಲ್ಲಿ ಗೋಡಂಬಿ, ಕಡಲೆಬೀಜ ಇದೆ ಎಂಬುದನ್ನು 9ನೆಯ ಕಾರ್ಡಿನಲ್ಲಿ ಬರೆದು ನಿರೂಪಕರ ಕೈಗೆ ಕೊಡಿ. ಅದನ್ನು ಅವರು ಎರಡೂ ಭಾಷೆಯಲ್ಲಿ ಹೇಳಲಿ.